ಮೊದಲು ತಾರೀಖು, ಆಮೇಲೆ ಒಪ್ಪಿಗೆ: ಆಫರ್ ಲೆಟರ್‌ಗೆ ಮೇಲ್‌ನಲ್ಲಿ ಉತ್ತರಿಸುವ ಬಗೆ

ಆಫರ್ ಲೆಟರ್ ಬಂದ ಖುಷಿಯಲ್ಲಿ ಬಹಳ ಜನ ಒಂದೇ ಸಾಲಿನ ಉತ್ತರ ಕಳಿಸಿಬಿಡುತ್ತಾರೆ: ‘ಥ್ಯಾಂಕ್ಸ್, ನನಗೆ ಒಪ್ಪಿಗೆ.’ ಆಮೇಲೆ ನಿಧಾನಕ್ಕೆ ಲೆಟರ್ ಓದಿದರೆ ಸೇರುವ ದಿನ ಜೂನ್ 15 ಅಂತ ಇರುತ್ತದೆ. ಈಗಿನ ಕಂಪನಿಯ ನೋಟಿಸ್ ಪೀರಿಯಡ್ ನೋಡಿದರೆ ಜುಲೈವರೆಗೆ ಬಿಡುವ ಹಾಗಿಲ್ಲ. ಅಲ್ಲಿಗೆ ಎರಡು ಕಂಪನಿಗಳ ನಡುವೆ ಸಿಕ್ಕಿಕೊಂಡ ಹಾಗಾಯಿತು. ಹೊಸಬರಿಗೆ ಕೊಟ್ಟ ಮಾತು ಒಂದು, ಹಳಬರಿಗೆ ಸಹಿ ಹಾಕಿಕೊಟ್ಟ ಕರಾರು ಇನ್ನೊಂದು.

ಮೈಸೂರಿನ ಕಂಪನಿಯೊಂದರಲ್ಲಿ ಎಚ್‌ಆರ್ ಕೆಲಸ ಮಾಡುವ ನನಗೆ ಇಂಥ ಮೇಲ್‌ಗಳು ಆಗಾಗ ಬರುತ್ತಿರುತ್ತವೆ. ಇದನ್ನು ತಪ್ಪಿಸುವ ದಾರಿ ಕಷ್ಟದ್ದೇನಲ್ಲ. ಒಂದು ಮೇಲ್ ಬದಲು ಎರಡು ಮೇಲ್ ಬರೆಯಬೇಕು. ಮೊದಲನೆಯದರಲ್ಲಿ ತಾರೀಖು ಸರಿ ಮಾಡಿಸಿಕೊಳ್ಳಬೇಕು. ಎರಡನೆಯದರಲ್ಲಿ ಒಪ್ಪಿಗೆ ಕೊಡಬೇಕು. ಈ ಎರಡೂ ಮುಗಿದ ಮೇಲೆ ಮಾತ್ರ ಹಳೇ ಕಂಪನಿಗೆ ರಾಜೀನಾಮೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ರಮ್ಯ ಅಂತ ಒಬ್ಬಳು ಇದ್ದಾಳೆ ಅಂದುಕೊಳ್ಳಿ. ಮಂಡ್ಯದವಳು. ದಿನಾ ಮೈಸೂರಿಗೆ ಬಂದು ಹೋಗುತ್ತಾ ಕೂರ್ಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಸಂಬಳ ತಿಂಗಳಿಗೆ 36,000 ರೂಪಾಯಿ. 2026ರ ಏಪ್ರಿಲ್ 30, ಗುರುವಾರ ಸಂಜೆ ಹೆಬ್ಬಾಳದ ಇನ್ನೊಂದು ಕಂಪನಿಯಿಂದ ಅವಳಿಗೆ ಆಫರ್ ಬರುತ್ತದೆ. ಜೂನ್ 15ಕ್ಕೆ ಸೇರಬೇಕು, ಮೇ 5ರೊಳಗೆ ಉತ್ತರ ಕೊಡಬೇಕು ಅಂತ ಅದರಲ್ಲಿದೆ.

ಎರಡು ಲೆಟರ್ ಪಕ್ಕಪಕ್ಕ ಇಟ್ಟು ಓದಿ

ಹೊಸ ಆಫರ್‌ನಲ್ಲಿ ಸಂಬಳ, ಹುದ್ದೆಯ ಹೆಸರು ಎಲ್ಲರೂ ನೋಡುತ್ತಾರೆ. ಅದರ ಜೊತೆ ಇನ್ನೂ ಮೂರು ಜಾಗ ಹುಡುಕಿ. ಸೇರುವ ದಿನ ಯಾವುದು? ಆಫರ್ ಯಾವತ್ತಿನವರೆಗೆ ಊರ್ಜಿತ? ‘ಇದಕ್ಕೆ ಒಳಪಟ್ಟು’ ಅಂತ ಶುರುವಾಗುವ ಸಾಲುಗಳಲ್ಲಿ ಏನಿದೆ? ಸಾಮಾನ್ಯವಾಗಿ ಆ ಸಾಲುಗಳಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಮೆಡಿಕಲ್ ಟೆಸ್ಟ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಇವೆಲ್ಲ ಇರುತ್ತವೆ. ಅಂದರೆ ಕೆಲಸ ಕೊಟ್ಟಿದ್ದಾರೆ ನಿಜ, ಆದರೆ ಇವು ಸರಿಯಾಗಿ ಮುಗಿದರೆ ಮಾತ್ರ ಅಂತ ಅರ್ಥ.

ಕೆಲಸದ ಜಾಗವನ್ನೂ ನೋಡಿ. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣ ಇದೆ. ಹೆಬ್ಬಾಳ ಮೈಸೂರಲ್ಲೂ ಇದೆ, ಬೆಂಗಳೂರಲ್ಲೂ ಇದೆ. ಎರಡೂ ಊರಲ್ಲಿ ಆಫೀಸ್ ಇರುವ ಕಂಪನಿ ಬರೀ ‘ಹೆಬ್ಬಾಳ’ ಅಂತ ಬರೆದು ಕಳಿಸಿದರೆ, ಮಂಡ್ಯದಲ್ಲಿ ಮನೆ ಮಾಡಿಕೊಂಡವರಿಗೆ ಅದು ಚಿಕ್ಕ ವಿಷಯ ಅಲ್ಲ. ಒಂದು ಕಡೆಗೆ ದಿನಾ ಓಡಾಡಬಹುದು, ಇನ್ನೊಂದು ಕಡೆಗೆ ಮನೆಯನ್ನೇ ಬದಲಿಸಬೇಕಾಗುತ್ತದೆ.

ಈಗ ಹಳೇ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರ್ ತೆಗೆಯಿರಿ. ನೋಟಿಸ್ ಪೀರಿಯಡ್ ಎಷ್ಟು ಅನ್ನುವುದು ಅದರಲ್ಲಿರುತ್ತದೆ. ಪಕ್ಕದ ಸೀಟಿನವರು ಹೇಳಿದ್ದನ್ನು ನಂಬಬೇಡಿ, ಅವರ ಲೆಟರ್ ಬೇರೆ ಇರಬಹುದು. ಪ್ರೊಬೇಶನ್‌ನಲ್ಲಿ 30 ದಿನ ಇದ್ದದ್ದು ಕನ್‌ಫರ್ಮ್ ಆದ ಮೇಲೆ 60 ಆಗಿರಬಹುದು. ಪ್ರಮೋಶನ್ ಲೆಟರ್‌ನಲ್ಲಿ ಸದ್ದಿಲ್ಲದೆ 90 ಆಗಿರುವುದೂ ಉಂಟು. ಹಾಗಾಗಿ ಕಂಪನಿ ಕೊಟ್ಟ ಕೊನೆಯ ಲೆಟರ್‌ವರೆಗೂ ನೋಡಿ. ರಮ್ಯಳ ಲೆಟರ್‌ನಲ್ಲಿ 60 ದಿನ ಇದೆ.

ದಿನ ಎಣಿಸುವುದು ಎಲ್ಲಿಂದ?

ತಪ್ಪು ಜಾಸ್ತಿ ಆಗುವುದು ಇಲ್ಲೇ. ಆಫರ್ ಬಂದ ದಿನದಿಂದ ಎಣಿಸುತ್ತಾರೆ. ರಮ್ಯಳೂ ಏಪ್ರಿಲ್ 30ರಿಂದ ಎಣಿಸಿದ್ದರೆ 60ನೇ ದಿನ ಜೂನ್ 28, ಭಾನುವಾರ ಆಗುತ್ತಿತ್ತು. ಮಾರನೇ ದಿನ ಸೋಮವಾರ ಜೂನ್ 29. ‘ಆವತ್ತೇ ಸೇರುತ್ತೇನೆ’ ಅಂತ ಬರೆದುಬಿಡುತ್ತಿದ್ದಳು.

ಆದರೆ ಏಪ್ರಿಲ್ 30ಕ್ಕೆ ಅವಳು ರಾಜೀನಾಮೆ ಕೊಡುವುದಿಲ್ಲವಲ್ಲ. ಮೇ 1 ಕಾರ್ಮಿಕರ ದಿನದ ರಜೆ, ಆಮೇಲೆ ಶನಿವಾರ, ಭಾನುವಾರ. ಹೊಸ ಕಂಪನಿಯ ಎಚ್‌ಆರ್ ಅವಳ ಮೇಲ್ ನೋಡುವುದೇ ಮೇ 4, ಸೋಮವಾರ. ಉತ್ತರ ಬಂದು, ಹೊಸ ಲೆಟರ್ ಬಂದು, ಒಪ್ಪಿಗೆ ಹೋಗುವಷ್ಟರಲ್ಲಿ ಮಂಗಳವಾರ. ಅಂದರೆ ರಾಜೀನಾಮೆ ಕೊಡಲು ಆಗುವುದು ಮೇ 6, ಬುಧವಾರ. ಎಣಿಕೆ ಅಲ್ಲಿಂದ ಶುರು.

ಮೇ 6ನ್ನೂ ಸೇರಿಸಿಕೊಂಡು ಮೇ ತಿಂಗಳಲ್ಲಿ 26 ದಿನ, ಜೂನ್‌ನಲ್ಲಿ 30, ಒಟ್ಟು 56. ಉಳಿದ 4 ದಿನ ಜುಲೈನಲ್ಲಿ. ಹಾಗಾಗಿ 60ನೇ ದಿನ ಜುಲೈ 4, ಶನಿವಾರ. ಕೆಲವು ಕಂಪನಿಗಳು ರಾಜೀನಾಮೆ ಕೊಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಾರನೇ ದಿನದಿಂದ ಎಣಿಸುತ್ತವೆ. ಆಗ ಜುಲೈ 5, ಭಾನುವಾರ. ಕೊನೇ ದಿನ ಹೀಗೆ ರಜೆಯ ಮೇಲೆ ಬಿದ್ದರೆ ಒಂದು ಕಂಪನಿ ಹಿಂದಿನ ಶುಕ್ರವಾರಕ್ಕೆ ಬಿಡಬಹುದು, ಇನ್ನೊಂದು ಮುಂದಿನ ಸೋಮವಾರಕ್ಕೆ ಬಿಡಬಹುದು. ಸೋಮವಾರ ಅಂದರೆ ಜುಲೈ 6. ಆವತ್ತೇ ಹೊಸ ಕಡೆ ಸೇರುತ್ತೇನೆ ಅಂದಿದ್ದರೆ ಒಂದೇ ದಿನ ಎರಡು ಕಡೆ ಹಾಜರಿ!

ಆದ್ದರಿಂದ ತೀರಾ ಅಂಟಿಕೊಂಡ ಹಾಗೆ ತಾರೀಖು ಕೇಳಬೇಡಿ. ಎಣಿಕೆಯ ಕೊನೇ ದಿನಕ್ಕೂ ಸೇರುವ ದಿನಕ್ಕೂ ನಡುವೆ ಒಂದೆರಡು ಕೆಲಸದ ದಿನ ಬಿಡಿ. ರಮ್ಯ ಜುಲೈ 8, ಬುಧವಾರ ಕೇಳುವುದು ಸರಿ.

ಇನ್ನೊಂದು ಮಾತು. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಕೊನೇ ದಿನವನ್ನೇ ಮುಂದಕ್ಕೆ ತಳ್ಳುವ ನಿಯಮ ಕೆಲವು ಕಡೆ ಇದೆ. ಮೇ, ಜೂನ್ ಅಂದರೆ ಮದುವೆ ಕಾಲ. ರಜೆ ಬೇಕೇ ಬೇಕು ಅಂತಿದ್ದರೆ ಈ ನಿಯಮವನ್ನು ಮೊದಲೇ ನೋಡಿ, ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ದುಡ್ಡು ಕಟ್ಟಿ ಬೇಗ ಹೊರಡಬಹುದಾ?

ಹೊಸ ಕಂಪನಿ ಜೂನ್ 15ಕ್ಕೇ ಬರಬೇಕು ಅಂತ ಪಟ್ಟು ಹಿಡಿದರೆ ಉಳಿದ ದಾರಿ ಬೈಔಟ್. ನೋಟಿಸ್‌ನಲ್ಲಿ ಎಷ್ಟು ದಿನ ಕಡಿಮೆ ಬೀಳುತ್ತದೋ ಅಷ್ಟು ದಿನದ ಸಂಬಳವನ್ನು ಹಳೇ ಕಂಪನಿಗೆ ಕೊಟ್ಟು ಹೊರಬರುವುದು. ರಮ್ಯ ಜೂನ್ 14ಕ್ಕೆ ಬಿಟ್ಟರೆ ಜೂನ್ 15ರಿಂದ ಜುಲೈ 4ರವರೆಗೆ 20 ದಿನ ಕಡಿಮೆ. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿದರೆ 36,000ವನ್ನು 30ರಿಂದ ಭಾಗಿಸಿ 20ರಿಂದ ಗುಣಿಸಬೇಕು, 24,000 ರೂಪಾಯಿ. ಬೇಸಿಕ್ ಮೇಲೆ ಮಾತ್ರ ಅಂತಿದ್ದು, ಅವಳ ಬೇಸಿಕ್ 18,000 ಆಗಿದ್ದರೆ, ಬರೀ 12,000. ಯಾವುದರ ಮೇಲೆ ಅನ್ನುವುದನ್ನು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ನೋಡಿ.

ಮುಖ್ಯವಾದದ್ದು ಬೈಔಟ್ ನಿಮ್ಮ ಹಕ್ಕು ಹೌದಾ ಅಲ್ಲವಾ ಅನ್ನುವುದು. ಕೆಲವು ಲೆಟರ್‌ನಲ್ಲಿ ‘ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ’ ಅಂತ ಇರುತ್ತದೆ. ಕೆಲವು ಲೆಟರ್‌ನಲ್ಲಿ ‘ಕಂಪನಿ ಒಪ್ಪಿದರೆ’ ಅಂತ ಬಾಲ ಸೇರಿಸಿರುತ್ತಾರೆ. ಎರಡನೆಯ ಥರ ಇದ್ದರೆ, ನಿಮ್ಮ ಮ್ಯಾನೇಜರ್ ಬಿಡುತ್ತಾರೆ ಅಂತ ಗೊತ್ತಾಗುವ ಮೊದಲು ಹೊಸಬರಿಗೆ ಜೂನ್ 15 ಅಂತ ಮಾತು ಕೊಡಬಾರದು. ಹೊಸ ಕಂಪನಿ ಈ ದುಡ್ಡು ತಾನು ಕೊಡುತ್ತೇನೆ ಅಂದರೆ ಅದನ್ನೂ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಇಂತಿಷ್ಟು ದಿನದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಷರತ್ತು ಅದರ ಜೊತೆಗೇ ಬರಬಹುದು, ಅದನ್ನೂ ಓದಿ.

ಮೊದಲ ಮೇಲ್: ತಾರೀಖು ಸರಿ ಮಾಡಿಸಿಕೊಳ್ಳುವುದು

ನಿಮ್ಮ ಸ್ವಂತ ಮೇಲ್ ಐಡಿಯಿಂದ ಬರೆಯಿರಿ. ಈಗಿನ ಆಫೀಸಿನ ಐಡಿಯಿಂದ, ಆಫೀಸಿನ ಕಂಪ್ಯೂಟರಿನಿಂದ ಬೇಡವೇ ಬೇಡ. ಆಫರ್ ಬಂದ ಮೇಲ್‌ಗೇ ‘ರಿಪ್ಲೈ ಆಲ್’ ಒತ್ತಿ ಉತ್ತರಿಸಿ, ಹೊಸದಾಗಿ ಶುರು ಮಾಡಬೇಡಿ. ಆಗ ಲೆಟರ್, ಪ್ರಶ್ನೆ, ಉತ್ತರ ಎಲ್ಲಾ ಒಂದೇ ಸರಣಿಯಲ್ಲಿ ಉಳಿಯುತ್ತವೆ. ನಾಳೆ ಆ ಎಚ್‌ಆರ್ ಕೆಲಸ ಬಿಟ್ಟು ಬೇರೆಯವರು ಬಂದರೂ ಒಂದೇ ಕಡೆ ಓದಿಕೊಳ್ಳಬಹುದು.

ಇಲ್ಲಿನ ಕಂಪನಿಗಳಲ್ಲಿ ಇಂಥ ಮೇಲ್ ಇಂಗ್ಲಿಷಿನಲ್ಲೇ ಹೋಗುವುದು ವಾಡಿಕೆ. ಯಾವ ಭಾಷೆಯಲ್ಲಿ ಬರೆದರೂ ಒಳಗೆ ಇರಬೇಕಾದದ್ದು ಇಷ್ಟು:

> ವಿಷಯ: ಆಫರ್ ಲೆಟರ್, ಸೇರುವ ದಿನಾಂಕದ ಬಗ್ಗೆ – ರಮ್ಯ ಎಂ. ಎಸ್.
>
> ನಮಸ್ಕಾರ ಮೇಡಂ,
>
> ಏಪ್ರಿಲ್ 30ರ ಆಫರ್ ಲೆಟರ್ ತಲುಪಿದೆ, ಧನ್ಯವಾದಗಳು. ಓದಿದ್ದೇನೆ, ಸೇರಲು ನನಗೆ ಆಸಕ್ತಿ ಇದೆ. ಸಹಿ ಹಾಕುವ ಮೊದಲು ಒಂದು ಬದಲಾವಣೆ ಕೇಳಿಕೊಳ್ಳಬೇಕಿದೆ.
>
> ಈಗಿನ ಕಂಪನಿಯಲ್ಲಿ ನನ್ನ ನೋಟಿಸ್ ಪೀರಿಯಡ್ 60 ದಿನ. ಮೇ 6ಕ್ಕೆ ರಾಜೀನಾಮೆ ಕೊಟ್ಟರೆ ಅದು ಜುಲೈ 4ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ 15ರ ಬದಲು ಜುಲೈ 8, ಬುಧವಾರ ಸೇರಲು ಅವಕಾಶ ಮಾಡಿಕೊಡಿ. ಈ ದಿನಾಂಕ ಹಾಕಿದ ಲೆಟರ್ ಕಳಿಸಿದರೆ ಅದೇ ದಿನ ಸಹಿ ಹಾಕಿ ಕಳಿಸುತ್ತೇನೆ.
>
> ನಡುವೆ ರಜೆ ಬಂದಿರುವುದರಿಂದ ಉತ್ತರದ ಗಡುವನ್ನು ಮೇ 7ರವರೆಗೆ ವಿಸ್ತರಿಸಬೇಕೆಂದು ಕೋರುತ್ತೇನೆ.
>
> ಕೆಲಸದ ಜಾಗ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಆಫೀಸ್ ಹೌದೇ ಎಂದು ತಿಳಿಸಿ.
>
> ಈಗಿನ ಕಂಪನಿಗೆ ನಾನಿನ್ನೂ ವಿಷಯ ತಿಳಿಸಿಲ್ಲ. ವೆರಿಫಿಕೇಶನ್‌ಗಾಗಿ ಅವರನ್ನು ಸಂಪರ್ಕಿಸುವುದಿದ್ದರೆ ನನ್ನ ಕೊನೆಯ ಕೆಲಸದ ದಿನದ ನಂತರ ಸಂಪರ್ಕಿಸಿ.
>
> ವಂದನೆಗಳೊಂದಿಗೆ,
> ರಮ್ಯ

ಗಡುವಿನ ಸಾಲು ಸುಮ್ನೆ ಹಾಕಿದ್ದಲ್ಲ. ಮೇ 5 ದಾಟಿದರೆ ಆಫರ್ ತಾನಾಗಿ ಬಿದ್ದುಹೋಗುತ್ತದೆ ಅಂತ ಲೆಟರ್ ಹೇಳುತ್ತಿದ್ದರೆ, ತಾರೀಖಿನ ಮಾತುಕತೆ ನಡೆಯುವಾಗ ಆ ಗಡುವು ಕಳೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಕೊನೆಯ ಸಾಲು ಇನ್ನೂ ಮುಖ್ಯ. ವೆರಿಫಿಕೇಶನ್ ಮಾಡುವುದು ಎಷ್ಟೋ ಸಲ ಹೊರಗಿನ ಏಜೆನ್ಸಿ. ಅವರ ಫಾರ್ಮ್‌ನಲ್ಲಿ ‘ಈಗಿನ ಕಂಪನಿಯನ್ನು ಸಂಪರ್ಕಿಸಬಹುದೇ’ ಅಂತ ಒಂದು ಪ್ರಶ್ನೆ ಇರುತ್ತದೆ. ಅಲ್ಲೂ ‘ಈಗ ಬೇಡ’ ಅಂತಲೇ ತುಂಬಿ. ನೀವು ರಾಜೀನಾಮೆ ಕೊಡುವ ಮೊದಲೇ ನಿಮ್ಮ ಮ್ಯಾನೇಜರ್‌ಗೆ ಏಜೆನ್ಸಿಯ ಫೋನ್ ಹೋದರೆ ಆಗುವ ಮುಜುಗರ ಹೇಳುವುದೇ ಬೇಡ.

‘ಒಪ್ಪಿಗೆ, ಆದರೆ…’ ಅಂತ ಯಾಕೆ ಬರೆಯಬಾರದು

ಎರಡು ಮೇಲ್ ಯಾಕೆ, ‘ಆಫರ್ ಒಪ್ಪಿದ್ದೇನೆ, ಆದರೆ ಜುಲೈ 8ಕ್ಕೆ ಸೇರುತ್ತೇನೆ’ ಅಂತ ಒಂದರಲ್ಲೇ ಮುಗಿಸಬಹುದಲ್ಲ ಅಂತ ಕೇಳಬಹುದು. ಭಾರತದ ಕರಾರು ಕಾಯಿದೆ, 1872, ಇದರ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿ, ಯಾವ ಷರತ್ತೂ ಇಲ್ಲದೆ ಇರಬೇಕು. ಒಂದು ಅಂಶ ಬದಲಿಸಿ ‘ಒಪ್ಪಿದೆ’ ಅಂದರೆ ಅದು ಒಪ್ಪಿಗೆ ಅಲ್ಲ, ನೀವು ಇಟ್ಟ ಹೊಸ ಪ್ರಸ್ತಾಪ. ಅದಕ್ಕೆ ಕಂಪನಿ ಹೂಂ ಅನ್ನುವವರೆಗೆ ಯಾವ ಕರಾರೂ ಆಗಿಲ್ಲ. ನೀವೇನೋ ಕೆಲಸ ಖಾಯಂ ಆಯಿತು ಅಂತ ರಾಜೀನಾಮೆ ಕೊಟ್ಟಿರುತ್ತೀರಿ. ಆ ಕಡೆಯವರು ಮೇಲ್ ಓದಿ, ‘ನಮಗೆ ಜೂನ್‌ನಲ್ಲೇ ಜನ ಬೇಕು’ ಅಂತ ಬೇರೆಯವರನ್ನು ಕರೆದಿರುತ್ತಾರೆ.

ಮೇಲ್‌ನಲ್ಲಿ ಆದ ಕರಾರಿಗೆ ಬೆಲೆ ಇದೆಯಾ ಅನ್ನುವ ಅನುಮಾನವೂ ಕೆಲವರಿಗಿರುತ್ತದೆ. ಇದೆ. ಮಾಹಿತಿ ತಂತ್ರಜ್ಞಾನ ಕಾಯಿದೆ, 2000, ಇದರ 10ಎ ಸೆಕ್ಷನ್ ಹೇಳುವುದು ಅದನ್ನೇ: ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಹಾಗಂತ ಎಲ್ಲರೂ ಕೋರ್ಟಿಗೆ ಹೋಗುತ್ತಾರೆ ಅಂತಲ್ಲ. ಮಾತು ಬದಲಾದಾಗ ‘ನೀವೇ ಹೀಗೆ ಬರೆದಿದ್ದೀರಲ್ಲ’ ಅಂತ ತೋರಿಸಲು ಒಂದು ಸಾಲು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸೋಮವಾರ ಬೆಳಿಗ್ಗೆ ಎಚ್‌ಆರ್ ಫೋನ್ ಮಾಡುತ್ತಾರೆ ಅಂದುಕೊಳ್ಳಿ. ‘ನಾವು ಹೊಸಬರನ್ನು ಸೋಮವಾರ ಮಾತ್ರ ಸೇರಿಸಿಕೊಳ್ಳೋದು ರಮ್ಯ, ಜುಲೈ 13ಕ್ಕೆ ಬಂದುಬಿಡಿ. ಮೊದಲು ಅಕ್ಸೆಪ್ಟ್ ಮಾಡಿ, ಡೇಟ್ ಆಮೇಲೆ ಚೇಂಜ್ ಮಾಡ್ತೀವಿ.’ ಇದರಲ್ಲಿ ಮೋಸ ಇರಬೇಕು ಅಂತೇನೂ ಇಲ್ಲ. ಅವರಿಗೂ ಆ ತಿಂಗಳ ಪಟ್ಟಿಯಲ್ಲಿ ಒಂದು ಹೆಸರು ಖಚಿತವಾಗಬೇಕು, ಅದಕ್ಕೇ ಅವಸರ. ಜುಲೈ 13 ನಿಮಗೂ ಅನುಕೂಲವೇ. ಆದರೂ ಫೋನಲ್ಲೇ ಒಪ್ಪಬೇಡಿ. ‘ಆಯ್ತು ಮೇಡಂ, ಆ ಡೇಟ್ ಹಾಕಿ ಲೆಟರ್ ಕಳಿಸಿ, ತಕ್ಷಣ ಸೈನ್ ಮಾಡ್ತೀನಿ’ ಅನ್ನಿ. ‘ಸಿಸ್ಟಮ್‌ನಲ್ಲಿ ಲೆಟರ್ ಬದಲಾಯಿಸೋಕೆ ಆಗಲ್ಲ’ ಅಂದರೆ, ಜುಲೈ 13 ಒಪ್ಪಿದ್ದೇವೆ ಅಂತ ಕಂಪನಿಯ ಐಡಿಯಿಂದ ಎರಡು ಸಾಲಿನ ಮೇಲ್ ಆದರೂ ಬರಲಿ. ವಾಟ್ಸಾಪ್‌ನಲ್ಲಿ ಬಂದ ಹೆಬ್ಬೆರಳಿನ ಚಿತ್ರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೇ ಮೇಲ್: ಒಪ್ಪಿಗೆ

ಜುಲೈ 13 ಅಂತ ಹಾಕಿದ ಲೆಟರ್ ಮಂಗಳವಾರ ಮಧ್ಯಾಹ್ನ ಬಂತು. ಮತ್ತೆ ಪೂರ್ತಿ ಓದಿ. ತಾರೀಖು ಬದಲಿಸುವಾಗ ಹಳೇ ಫೈಲ್ ತೆಗೆದು ತಿದ್ದಿರುತ್ತಾರೆ, ಸಂಬಳದ ಪುಟ ಹಿಂದಿನ ಮಾತುಕತೆಯ ಅಂಕಿಗೆ ವಾಪಸ್ ಹೋಗಿರುವುದೂ ಉಂಟು. ಸರಿ ಇದ್ದರೆ ಪ್ರಿಂಟ್ ತೆಗೆದು, ಪ್ರತಿ ಪುಟದ ಕೆಳಗೆ ಸಹಿ ಹಾಕಿ, ಎಲ್ಲಾ ಪುಟ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಕಂಪನಿ ಆನ್‌ಲೈನ್ ಸಹಿಯ ಲಿಂಕ್ ಕೊಟ್ಟಿದ್ದರೆ ಅಲ್ಲೇ ಸಹಿ ಮಾಡಿ, ಮುಗಿದ ಮೇಲೆ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಲಿಂಕ್ ಮುಂದೆ ತೆರೆಯದೆ ಹೋಗಬಹುದು.

> ನಮಸ್ಕಾರ ಮೇಡಂ,
>
> ಮೇ 5ರ ತಿದ್ದಿದ ಆಫರ್ ಲೆಟರ್ ಓದಿದ್ದೇನೆ. ಅದರಲ್ಲಿರುವಂತೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ. ಸಹಿ ಹಾಕಿದ ಪ್ರತಿ ಲಗತ್ತಿಸಿದ್ದೇನೆ.
>
> 2026ರ ಜುಲೈ 13, ಸೋಮವಾರ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ಹಾಜರಾಗುತ್ತೇನೆ. ಹಾಜರಾಗಬೇಕಾದ ಸಮಯ, ಭೇಟಿಯಾಗಬೇಕಾದವರ ಹೆಸರು ತಿಳಿಸಿ.
>
> ನೀವು ಕೇಳಿದ ದಾಖಲೆಗಳಲ್ಲಿ ಸಿದ್ಧ ಇರುವುದನ್ನು ಮೇ 10ರೊಳಗೆ ಕಳಿಸುತ್ತೇನೆ. ರಿಲೀವಿಂಗ್ ಲೆಟರ್ ನನ್ನ ಕೊನೆಯ ಕೆಲಸದ ದಿನದ ನಂತರವೇ ಸಿಗುತ್ತದೆ. ಅಲ್ಲಿಯವರೆಗೆ ರಾಜೀನಾಮೆ ಸ್ವೀಕೃತಿಯ ಪ್ರತಿ ಕೊಡುತ್ತೇನೆ.
>
> ನಾಳೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಈ ಮೇಲ್ ತಲುಪಿದ್ದನ್ನು ಅದಕ್ಕೂ ಮೊದಲು ಖಚಿತಪಡಿಸಿದರೆ ಅನುಕೂಲ.
>
> ವಂದನೆಗಳೊಂದಿಗೆ,
> ರಮ್ಯ

ಇಲ್ಲಿ ಎಲ್ಲೂ ‘ಆದರೆ’ ಇಲ್ಲ, ನೋಡಿ. ಒಪ್ಪಿಗೆ ನೇರವಾಗಿದೆ. ತಾರೀಖು, ವಾರ, ಜಾಗ ಮೂರೂ ಬರೆದಿದ್ದಾಗಿದೆ. ವಾರದ ಹೆಸರು ಬರೆಯುವುದು ಒಳ್ಳೆಯ ಅಭ್ಯಾಸ. ತಾರೀಖು ಟೈಪ್ ಮಾಡುವಾಗ ಕೈತಪ್ಪಿದ್ದರೆ ವಾರ ಹೊಂದದೆ ಗೊತ್ತಾಗುತ್ತದೆ. ‘ಶೀಘ್ರದಲ್ಲೇ’, ‘ಸಾಧ್ಯವಾದಷ್ಟು ಬೇಗ’ ಅಂತೆಲ್ಲ ಬರೆಯಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆಮೇಲೆ ರಾಜೀನಾಮೆ

‘ತಲುಪಿದೆ’ ಅಂತ ಉತ್ತರ ಬಂದ ಮೇಲೆ ರಾಜೀನಾಮೆ ಕಳಿಸಿ. ಮ್ಯಾನೇಜರ್‌ಗೆ ಮೊದಲು ಎದುರಿಗೆ ಹೇಳುವುದು ಮರ್ಯಾದೆ. ಆದರೆ ದಿನ ಎಣಿಕೆಗೆ ಬರುವುದು ಬರೆದು ಕೊಟ್ಟಾಗಲೇ. ಎಚ್‌ಆರ್ ಪೋರ್ಟಲ್ ಇರುವ ಕಡೆ ಮೇಲ್ ಸಾಲದು, ಪೋರ್ಟಲ್‌ನಲ್ಲಿ ಹಾಕಿದ ದಿನದಿಂದಲೇ ಲೆಕ್ಕ ಅನ್ನುತ್ತಾರೆ. ಹಾಗಾಗಿ ಎರಡೂ ಒಂದೇ ದಿನ ಮಾಡಿ. ‘ಈ ವಾರ ಆಡಿಟ್ ಇದೆ, ಮುಂದಿನ ವಾರ ಹಾಕಮ್ಮ’ ಅಂತ ಮ್ಯಾನೇಜರ್ ಅಂದರೆ ಒಪ್ಪಬೇಡಿ. ಒಂದು ವಾರ ತಡವಾದರೆ ಕೊನೇ ದಿನ ಜುಲೈ 11ಕ್ಕೆ ಹೋಗುತ್ತದೆ. ಅದು ಶನಿವಾರ, 13ಕ್ಕೆ ಸೇರಬೇಕು. ನಡುವೆ ಬಿಟ್ಟಿದ್ದ ಜಾಗವೆಲ್ಲ ಅಲ್ಲೇ ಖರ್ಚಾಯಿತು.

ರಾಜೀನಾಮೆಯಲ್ಲಿ ಕೊನೇ ದಿನವನ್ನು ನೀವೇ ಬರೆಯಿರಿ: ‘60 ದಿನದ ನೋಟಿಸ್ ಪ್ರಕಾರ ನನ್ನ ಕೊನೆಯ ಕೆಲಸದ ದಿನ ಜುಲೈ 4. ದಯವಿಟ್ಟು ಖಚಿತಪಡಿಸಿ.’ ಅವರ ಉತ್ತರದಲ್ಲಿ ಬರುವ ತಾರೀಖೇ ಕೊನೆಯ ಮಾತು. ಅದು ಜುಲೈ 3 ಬಂದರೂ 6 ಬಂದರೂ ರಮ್ಯಳಿಗೆ ತೊಂದರೆ ಇಲ್ಲ. ಹಾಗಲ್ಲದೆ ಜುಲೈ 15 ಅಂತ ಬಂದರೆ ಆವತ್ತೇ ಹೊಸ ಕಂಪನಿಗೆ ತಿಳಿಸಬೇಕು. ಎರಡು ತಿಂಗಳು ಮೊದಲೇ ಒಂದು ವಾರ ಹೆಚ್ಚು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಹಿಂದಿನ ದಿನ ಕೇಳಿದರೆ ಮುಖ ಸಿಂಡರಿಸುತ್ತಾರೆ.

ಆಫೀಸಿನ ಮೇಲ್‌ಗೆ ಬಂದ ಆ ಸ್ವೀಕೃತಿಯ ಪಿಡಿಎಫ್ ಒಂದನ್ನು ತೆಗೆದಿಟ್ಟುಕೊಳ್ಳಿ. ಕೊನೇ ದಿನ ಸಂಜೆಗೆ ಆ ಐಡಿ ಬಂದ್ ಆಗುತ್ತದೆ.

ದಾಖಲೆಗಳು

ಪಟ್ಟಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ: ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮಾರ್ಕ್ಸ್ ಕಾರ್ಡ್‌ಗಳು, ಡಿಗ್ರಿ ಸರ್ಟಿಫಿಕೇಟ್, ಆಧಾರ್, ಪ್ಯಾನ್, ಮೂರು ತಿಂಗಳ ಪೇಸ್ಲಿಪ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್, ಫೋಟೋ, ಪಿಎಫ್‌ನ ಯುಎಎನ್ ನಂಬರ್. ಘಟಿಕೋತ್ಸವ ಇನ್ನೂ ಆಗಿಲ್ಲದಿದ್ದರೆ ಯೂನಿವರ್ಸಿಟಿಯ ಪ್ರೊವಿಷನಲ್ ಸರ್ಟಿಫಿಕೇಟ್.

ಫೈಲ್‌ಗೆ ಹೆಸರಿಡುವಾಗ ಸ್ಕ್ಯಾನ್ ಆ್ಯಪ್ ಕೊಟ್ಟ ಅಂಕಿಗಳನ್ನು ಹಾಗೇ ಬಿಡಬೇಡಿ. ಹೀಗಿದ್ದರೆ ತೆಗೆಯುವವರಿಗೆ ಸುಲಭ:

```
Ramya_MS_SSLC.pdf
Ramya_MS_Degree.pdf
Ramya_MS_Payslip_Apr2026.pdf
```

ಕೆಲಸ ನಿಲ್ಲುವುದು ಜಾಸ್ತಿ ಎರಡು ಕಡೆ. ಒಂದು, ಪಾಸ್‌ವರ್ಡ್ ಇರುವ ಪಿಡಿಎಫ್. ಯುಐಡಿಎಐ ಸೈಟಿನಿಂದ ಇಳಿಸಿದ ಇ-ಆಧಾರ್ ತೆರೆಯಲು ಪಾಸ್‌ವರ್ಡ್ ಬೇಕು. ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ. ಎಷ್ಟೋ ಪೇಸ್ಲಿಪ್‌ಗಳಿಗೂ ಹೀಗೇ ಬೀಗ ಇರುತ್ತದೆ. ಹಾಗೇ ಕಳಿಸಿದರೆ ಆ ಕಡೆ ತೆರೆಯಲು ಬರುವುದಿಲ್ಲ, ‘ದಾಖಲೆ ಬಂದಿಲ್ಲ’ ಅಂತಲೇ ಗುರುತಾಗುತ್ತದೆ. ಕಂಪನಿಯ ಪೋರ್ಟಲ್‌ಗೆ ಹಾಕುವುದಾದರೆ ಬೀಗ ತೆಗೆದ ಪ್ರತಿ ಹಾಕಿ. ಮೇಲ್‌ನಲ್ಲೇ ಕಳಿಸಬೇಕಾದರೆ ಬೀಗ ಇರಲಿ, ಪಾಸ್‌ವರ್ಡನ್ನು ಫೋನ್‌ನಲ್ಲಿ ಹೇಳಿ.

ಇನ್ನೊಂದು ನಮ್ಮ ಕಡೆಯ ಇನಿಷಿಯಲ್ ಸಮಸ್ಯೆ. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ‘ರಮ್ಯ ಎಂ. ಎಸ್.’ ಅಂತ ಇದೆ. ಎಂ ಅಂದರೆ ಊರು, ಎಸ್ ಅಂದರೆ ಅಪ್ಪನ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ‘ರಮ್ಯ ಮದ್ದೂರು ಶಿವಣ್ಣ’. ಆಧಾರ್‌ನಲ್ಲಿ ಬರೀ ‘ರಮ್ಯ’. ಮೂರೂ ಒಬ್ಬಳದೇ ಅಂತ ಮನೆಯವರಿಗೆ ಗೊತ್ತು, ವೆರಿಫಿಕೇಶನ್ ಮಾಡುವ ಏಜೆನ್ಸಿಗೆ ಗೊತ್ತಿಲ್ಲ. ಪಿಎಫ್ ಖಾತೆಗೂ ಆಧಾರ್‌ನ ಹೆಸರು ಹೊಂದಬೇಕು. ಕೈಯಲ್ಲಿ ಎರಡು ತಿಂಗಳಿದೆ, ತಿದ್ದಿಸಲು ಆಗುವುದನ್ನು ಈಗಲೇ ತಿದ್ದಿಸಿ. ಉಳಿದದ್ದಕ್ಕೆ ‘ಈ ಹೆಸರುಗಳೆಲ್ಲ ನನ್ನವೇ’ ಅಂತ ನೋಟರಿ ಅಫಿಡವಿಟ್ ಮಾಡಿಸಿ. ಅದು ನಡೆಯುತ್ತದಾ ಅಂತ ಎಚ್‌ಆರ್‌ಗೆ ಮೊದಲೇ ಮೇಲ್‌ನಲ್ಲಿ ಕೇಳಿಕೊಳ್ಳಿ.

ಒರಿಜಿನಲ್‌ಗಳನ್ನು ಸೇರುವ ದಿನ ತೋರಿಸಿ, ವಾಪಸ್ ತನ್ನಿ. ‘ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮಲ್ಲೇ ಇರಲಿ’ ಅಂದರೆ ನಾನಾದರೆ ಕೊಡುವುದಿಲ್ಲ. ಮತ್ತೆ, ಆಧಾರ್, ಪ್ಯಾನ್ ಕಳಿಸುವ ಮೊದಲು ಮೇಲ್ ಐಡಿಯಲ್ಲಿ @ ಆದ ಮೇಲೆ ಕಂಪನಿಯದೇ ಡೊಮೈನ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೇನಿಂಗ್ ಫೀಸ್ ಅಂತ ದುಡ್ಡು ಕೇಳಿದರೆ ಅದು ಆಫರ್ ಅಲ್ಲ, ವಂಚನೆ.

ಸೇರುವ ವಾರ

ಜುಲೈ 9ರ ಸುಮಾರಿಗೆ ಅದೇ ಸರಣಿಯಲ್ಲಿ ಎರಡು ಸಾಲು ಬರೆಯಿರಿ: ಸೋಮವಾರ ಬರುತ್ತಿದ್ದೇನೆ, ರಿಲೀವಿಂಗ್ ಲೆಟರ್ ಲಗತ್ತಿಸಿದ್ದೇನೆ. ಅದು ಇನ್ನೂ ಕೈಗೆ ಬಂದಿಲ್ಲದಿದ್ದರೆ ಯಾವಾಗ ಕೊಡುತ್ತೇವೆ ಅಂತ ಹಳೇ ಎಚ್‌ಆರ್ ಬರೆದ ಮೇಲ್ ಹಾಕಿ. ಲೆಕ್ಕ ಚುಕ್ತಾ ಆಗುವವರೆಗೆ ರಿಲೀವಿಂಗ್ ಲೆಟರ್ ತಡೆಹಿಡಿಯುವ ಕಂಪನಿಗಳಿವೆ. ಇದು ಹೊಸ ಎಚ್‌ಆರ್‌ಗೂ ಗೊತ್ತಿರುತ್ತದೆ, ಮೊದಲೇ ತಿಳಿಸಿದರೆ ಸಾಮಾನ್ಯವಾಗಿ ಸಮಯ ಕೊಡುತ್ತಾರೆ.

ಸೇರಿದ ಮೇಲೆ ಹಳೇ ಯುಎಎನ್ ಅನ್ನೇ ಕೊಡಿ, ಹೊಸದು ಮಾಡಿಸಬೇಡಿ. ಪಿಎಫ್ ಪೋರ್ಟಲ್‌ನಲ್ಲಿ ಹಳೇ ಕಂಪನಿ ನಿಮ್ಮ ನಿರ್ಗಮನದ ದಿನವನ್ನು ಹಾಕಿದೆಯಾ, ಅದು ಜುಲೈ 13ಕ್ಕಿಂತ ಹಿಂದಿನ ದಿನವೇ ಹೌದಾ ಅಂತ ನೋಡಿ. ಎರಡು ಕೆಲಸದ ದಿನಗಳು ಒಂದರ ಮೇಲೊಂದು ಬಿದ್ದರೆ ಹಳೇ ದುಡ್ಡು ಹೊಸ ಖಾತೆಗೆ ವರ್ಗಾವಣೆ ಆಗುವಾಗ ತಕರಾರು ಬರಬಹುದು. ಮುಂದೆ ಇನ್ನೊಂದು ಕಂಪನಿ ವೆರಿಫಿಕೇಶನ್ ಮಾಡುವಾಗಲೂ ಎರಡು ಕಡೆ ಕೆಲಸ ಮಾಡಿದ್ದೀರಾ ಅಂತ ಕೇಳಬಹುದು. ಹಳೇ ಕಂಪನಿ ನಿರ್ಗಮನದ ದಿನ ಹಾಕದೇ ಹೋದರೆ, ಕೊನೆಯ ಪಿಎಫ್ ಜಮಾ ಆಗಿ ಎರಡು ತಿಂಗಳು ಕಳೆದ ಮೇಲೆ ನೀವೇ ಸದಸ್ಯರ ಪೋರ್ಟಲ್‌ನ Manage ಪಟ್ಟಿಯಲ್ಲಿ Mark Exit ಆಯ್ದು ಹಾಕಬಹುದು. ಅಲ್ಲಿ ಹಾಕುವ ದಿನ ರಿಲೀವಿಂಗ್ ಲೆಟರ್‌ನಲ್ಲಿರುವ ದಿನವೇ ಆಗಿರಬೇಕು.